ಜೆಲ್ ಹರಳು, ತೆಂಗಿನ ಮಟ್ಟೆ: ಕುಂಡಕ್ಕೆ ನೀರು ಕಮ್ಮಿ ಸಾಕಾ?

ಚಿಂತಾಮಣಿ ಟೆರೇಸ್: ಟೆರೇಸ್ ಮೇಲೆ ಹನ್ನೆರಡು ಕುಂಡ ಇವೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಹೊತ್ತು ಸಾಕಾಗಿದೆ. ಮಣ್ಣಿಗೆ ಜೆಲ್ ಹರಳು ಬೆರೆಸಿ, ಮೇಲೆ ತೆಂಗಿನ ಮಟ್ಟೆ ಮುಚ್ಚಿದರೆ ನಿಜವಾಗಲೂ ನೀರು ಕಮ್ಮಿ ಸಾಕಾ?

ತಿಪಟೂರು ತೆಂಗು: ಮಟ್ಟೆ ಒಂದೇ ಸಾಕು. ಜೆಲ್‌ಗೆ ಕೊಡುವ ದುಡ್ಡು ದಂಡ. ಅಜ್ಜನ ಕಾಲದಿಂದ ತೆಂಗಿನ ಬುಡಕ್ಕೆ ಮಟ್ಟೆ ಹೂಳುತ್ತಿದ್ದೇವೆ, ಬರದಲ್ಲೂ ಮರ ನಿಂತಿದೆ.

ಕೋಲಾರದ ಕುಂಡ: ಬುಡಕ್ಕೆ ಹೂಳೋದು ತೋಟದಲ್ಲಿ ಅಣ್ಣಾ, ಅವರು ಕೇಳಿದ್ದು ಕುಂಡ. ನನ್ನ ಪ್ಯಾಕೆಟ್ ಮೇಲೆ 400 ಪಟ್ಟು ನೀರು ಹೀರುತ್ತೆ ಅಂತ ಬರೆದಿದೆ. 5 ಗ್ರಾಂ ಹಾಕಿದರೆ 2 ಲೀಟರ್. ಲೆಕ್ಕ ಮಾಡಿ.

ಮಾಲೂರು ಮೇಷ್ಟ್ರು: 400 ಪಟ್ಟು ಬಟ್ಟಿ ಇಳಿಸಿದ ನೀರಿನಲ್ಲಿ. ನಮ್ಮ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಜೆಲ್‌ನ ಎಳೆಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತವೆ, ಉಬ್ಬಲು ಬಿಡುವುದಿಲ್ಲ. ನಾನು 2 ಗ್ರಾಂ ಮಳೆನೀರಿಗೆ, 2 ಗ್ರಾಂ ಬೋರ್ ನೀರಿಗೆ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಸೋಸಿ ತೂಗಿದರೆ ಮಳೆನೀರಿನದು 410 ಗ್ರಾಂ, ಬೋರ್ ನೀರಿನದು 130. ಗೊಬ್ಬರದ ನೀರು ಹಾಕಿದರೆ ಇನ್ನೂ ಇಳಿಯುತ್ತೆ.

ಕೋಲಾರದ ಕುಂಡ: "ನಮ್ಮ ಬೋರ್ ನೀರು" ಅಂದರೆ ನಿಮ್ಮ ಮಾಲೂರಿನದು. ನಮ್ಮ ಮನೆ ನೀರು ಸಿಹಿ.

ತಿಪಟೂರು ತೆಂಗು: ಕೋಲಾರದ ಬೋರ್‌ನಲ್ಲಿ ಸಿಹಿ ನೀರಾ! 😂

ಕೋಲಾರದ ಕುಂಡ: ನಗಬೇಡಿ. ಪಾವಗಡದ ಫ್ಲೋರೈಡ್ ನೀರು ಯಾವ ಜಿಲ್ಲೆಯದು ಸ್ವಾಮಿ? ಹೇಮಾವತಿ ಚಾನಲ್ ಬಿಡದಿದ್ದರೆ ನೀವೂ ನಮ್ಮ ಹಾಗೇ.

ಮಾಲೂರು ಮೇಷ್ಟ್ರು: ಫ್ಲೋರೈಡ್ ಬೇರೆ, ಗಡಸು ಬೇರೆ. ಸೋಪು ಸರಿಯಾಗಿ ನೊರೆ ಬರುತ್ತಾ? ನೀರು ಕಾಯಿಸುವ ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟಿದೆಯಾ? ಫೋಟೋ ಹಾಕಿ, ಗೊತ್ತಾಗುತ್ತೆ.

ಕೋಲಾರದ ಕುಂಡ: ನಮ್ಮನೆ ಕೆಟಲ್ ಫೋಟೋ ನಿಮಗ್ಯಾಕೆ?

ಗೌರಿಬಿದನೂರು ಗುಲಾಬಿ: ಜೆಲ್ ಹೆಸರು ಎತ್ತಬೇಡಿ. ಹೋದ ವರ್ಷ ಒಂದು ಕುಂಡಕ್ಕೆ ಎರಡು ಹಿಡಿ ಹಾಕಿದೆ. ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ಮಣ್ಣು ದೋಸೆ ಹಿಟ್ಟಿನ ಥರ ಉಕ್ಕಿ ಅಂಚು ದಾಟಿತ್ತು. ಗುಲಾಬಿ ಬೇರು ಮೇಲೆ ಬಂದು ಕೊಳೆತೇ ಹೋಯಿತು. ಅಂದಹಾಗೆ, ಮೊಗ್ಗಿಗೆ ನುಸಿ ಬಿದ್ದರೆ ಏನು ಹೊಡೆಯಬೇಕು?

ಕೋಲಾರದ ಕುಂಡ: ಎರಡು ಹಿಡಿ! ನೋಡಿ, ಉಬ್ಬಲ್ಲ ಅಂದರಲ್ಲ ಮೇಷ್ಟ್ರು, ಇಲ್ಲಿ ಕುಂಡವೇ ಉಕ್ಕಿದೆ.

ಮಾಲೂರು ಮೇಷ್ಟ್ರು: ಅದು ಮಳೆನೀರು ಕಣ್ರೀ! ನಾನು ಹೇಳಿದ್ದೂ ಅದೇ. 10 ಲೀಟರ್ ಮಣ್ಣಿಗೆ 10 ಗ್ರಾಂ ದಾಟಬಾರದು. ಮಟ್ಟೆದೂ ತೂಗಿ ನೋಡಿದ್ದೇನೆ. 12 ಇಂಚಿನ ಎರಡು ಪ್ಲಾಸ್ಟಿಕ್ ಕುಂಡ, ಎರಡರಲ್ಲೂ ಚಿಕ್ಕ ಮೆಣಸಿನ ಸಸಿ. ತಳದಿಂದ ಸೋರುವವರೆಗೆ ನೀರು ಹಾಕಿ, ಸೋರುವುದು ನಿಂತ ಮೇಲೆ ತಕ್ಕಡಿಗಿಟ್ಟೆ. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ತೂಗಿದೆ. ಬರೀ ಮಣ್ಣಿನದು 620 ಗ್ರಾಂ ಇಳಿದಿತ್ತು, ಎರಡು ಇಂಚು ಮಟ್ಟೆ ಚೂರು ಮುಚ್ಚಿದ್ದು 430. ಎರಡು ತಿಂಗಳಾಗಿ ಗಿಡ ಕುಂಡದ ತುಂಬ ಹರಡಿದ ಮೇಲೆ ತೂಗಿದರೆ 1,150 ಮತ್ತು 1,050. ಆಗ ನೀರು ಹೋಗುವುದು ಎಲೆಯಿಂದ. ಮಟ್ಟೆ ಎಲೆಗೆ ಮುಚ್ಚಲ್ಲವಲ್ಲ. ಜೆಲ್ ಹಾಕಿದ ಕುಂಡದಲ್ಲೂ ಅಷ್ಟೇ ನೀರು ಖರ್ಚಾಯಿತು. ಬಾಡುವುದು ಮಾತ್ರ ಒಂದು ದಿನ ತಡ.

ತಿಪಟೂರು ತೆಂಗು: 620ಕ್ಕೆ 430! ಮಟ್ಟೆ ಗೆದ್ದಿತು.

ಕೋಲಾರದ ಕುಂಡ: "ಒಂದು ದಿನ ತಡ". ಅಷ್ಟು ಸಾಕು. ನಾನೇನು ಬೇರೆ ಹೇಳಿದ್ದೆ?

ಮಾಲೂರು ಮೇಷ್ಟ್ರು: 2 ಲೀಟರ್ ಅಂದಿದ್ದಿರಿ.

ಚಿಂತಾಮಣಿ ಟೆರೇಸ್: ಜಗಳ ಆಮೇಲೆ. ನನ್ನವು ಮಣ್ಣಿನ ಕುಂಡ. ಹೋದ ವಾರ ಎಳನೀರು ಅಂಗಡಿಯಿಂದ ಹಸಿ ಮಟ್ಟೆ ತಂದು ಹಾಗೇ ಕೊಚ್ಚಿ ಹಾಕಿದೆ. ಎಲೆ ಅಂಚು ಸುಟ್ಟ ಹಾಗಾಗಿದೆ. ನೀರು ಉಳಿಸೋಣ ಅಂತ ಆರ್‌ಒ ಮಿಷನ್‌ನ ವೇಸ್ಟ್ ನೀರನ್ನೇ ಹಾಕ್ತಿದ್ದೀನಿ.

ತಿಪಟೂರು ತೆಂಗು: ನಮ್ಮ ಮಟ್ಟೆಗೆ ಹಾಗಾಗಲ್ಲ.

ಮಾಲೂರು ಮೇಷ್ಟ್ರು: ಮರಕ್ಕೆ ಆಗಲ್ಲ, ಕುಂಡಕ್ಕೆ ಆಗುತ್ತೆ. ಹಸಿ ಮಟ್ಟೆಯಲ್ಲಿ ಉಪ್ಪು, ಒಗರು ಎರಡೂ ಇವೆ. ಕಾಫಿ ಬಣ್ಣದ ನೀರು ಬರುವುದು ನಿಲ್ಲುವ ತನಕ ದಿನಾ ನೀರು ಬದಲಿಸಿ ನೆನೆಸಬೇಕು. ಆರ್‌ಒ ವೇಸ್ಟ್ ಅಂತೂ ಬೋರ್‌ನ ಉಪ್ಪೆಲ್ಲ ಸೇರಿದ ನೀರು. ಗಿಡಕ್ಕೂ ಕೆಟ್ಟದ್ದು, ಜೆಲ್‌ಗೂ ಕೆಟ್ಟದ್ದು. ಮೊದಲು ಅದನ್ನು ನಿಲ್ಲಿಸಿ. ಇನ್ನು ಮಣ್ಣಿನ ಕುಂಡ ಪಕ್ಕದಿಂದಲೂ ನೀರು ಬಿಡುತ್ತೆ, ಅದಕ್ಕೆ ಮೇಲೆ ಮುಚ್ಚಿದ ಮಟ್ಟೆ ಏನೂ ಮಾಡಲ್ಲ. ಕುಂಡಗಳನ್ನು ಒತ್ತೊತ್ತಾಗಿ ನೆರಳಿಗೆ ಸೇರಿಸಿ.

ಗೌರಿಬಿದನೂರು ಗುಲಾಬಿ: ನುಸಿಗೆ ಯಾರೂ ಹೇಳಲಿಲ್ಲ.

ಕೋಲಾರದ ಕುಂಡ: ತಗೊಳ್ಳಿ, ಕೆಟಲ್ ಫೋಟೋ ಹಾಕಿದ್ದೇನೆ. ಎಲ್ಲಿದೆ ಬಿಳಿ? ನಿನ್ನೆ ತಾನೇ ಮನೆಯವರು ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ.

ತಿಪಟೂರು ತೆಂಗು: ಬಿಳಿ ಇಲ್ಲದಿದ್ದರೆ ಹುಣಸೆಹಣ್ಣು ಯಾಕೆ ಬೇಕಾಯಿತು ಅಣ್ಣಾ?