ಓದುಗರ ಸಮಯ ನೋಡಿ ನೋಟಿಫಿಕೇಶನ್ ಕಳಿಸಲು ಹೋದರೆ, ಎಲ್ಲರಿಗೂ ಬೆಳಿಗ್ಗೆ 7:30 ಬರುತ್ತಿದೆ

ಕಥೆಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ದಿನಕ್ಕೊಂದು ಸಣ್ಣಕಥೆ ಕೊಡುವ ಆಂಡ್ರಾಯ್ಡ್ ಆ್ಯಪ್ ನಡೆಸುತ್ತಿದ್ದೇನೆ. ಹೊಸ ಕಥೆ ಬಂದಿದೆ ಅನ್ನುವ ನೋಟಿಫಿಕೇಶನ್ ಶುರುವಿನಿಂದಲೂ ಬೆಳಿಗ್ಗೆ 8ಕ್ಕೆ ಎಲ್ಲರಿಗೂ ಒಟ್ಟಿಗೆ ಹೋಗುತ್ತಿತ್ತು. ಆ ಹೊತ್ತಿಗೆ ಅರ್ಧ ಜನ ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿರುತ್ತಾರೆ, ಇನ್ನರ್ಧ ಜನ ಬಸ್ಸಿನಲ್ಲಿ ನಿಂತಿರುತ್ತಾರೆ. ಹಾಗಾಗಿ ಪ್ರತಿಯೊಬ್ಬರೂ ಹಿಂದೆ ಯಾವ ಗಂಟೆಯಲ್ಲಿ ಜಾಸ್ತಿ ತೆರೆದಿದ್ದಾರೋ ಅದೇ ಗಂಟೆಗೆ ಕಳಿಸೋಣ ಅಂದುಕೊಂಡೆ. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ ಬರೆದಿದ್ದೇನೆ:

```sql
SELECT user_id,
       mode() WITHIN GROUP
         (ORDER BY extract(hour FROM opened_at)) AS hr
FROM opens
GROUP BY user_id;
```

ಸಮಯವೆಲ್ಲ ಯುಟಿಸಿಯಲ್ಲಿದೆ. ಅದಕ್ಕೇ ಬಂದ ಉತ್ತರಕ್ಕೆ ಐದೂವರೆ ಗಂಟೆ ಕೂಡಿಸಿ ಕಳಿಸುತ್ತೇನೆ. ಆದರೆ ಹೆಚ್ಚುಕಡಿಮೆ ಎಲ್ಲರಿಗೂ 2 ಬರುತ್ತದೆ, ಅಂದರೆ 7:30. ಕೆಲವರಿಗೆ ಮಾತ್ರ 3, ಅಂದರೆ 8:30. ತೆರೆಯುವವರ ಸಂಖ್ಯೆಯೂ ಮೊದಲಿನಷ್ಟೇ ಇದೆ. ಇದಕ್ಕೆ ಮೊದಲು ನಾನು ಯಾರಿಗೂ 7:30ಕ್ಕೆ ಕಳಿಸಿದ್ದೇ ಇಲ್ಲ. ಅದು ಎಲ್ಲಿಂದ ಬಂತು? ಇಷ್ಟೊಂದು ಜನರಿಗೆ ಒಂದೇ ಸಮಯ ಯಾಕೆ?

ಬೆಣ್ಣೆದೋಸೆ_ದಾವಣಗೆರೆ:

ಐದೂವರೆ ಗಂಟೆಯನ್ನು ಕೊನೆಯಲ್ಲಿ ಕೂಡಿಸಬಾರದು ಸರ್. ಮೊದಲು ಭಾರತದ ಸಮಯಕ್ಕೆ ತಿರುಗಿಸಿ, ಆಮೇಲೆ ಗಂಟೆ ತೆಗೆಯಿರಿ. `opened_at AT TIME ZONE 'Asia/Kolkata'` ಅಂತ ಹಾಕಿ, ಸರಿಹೋಗುತ್ತೆ. ಇನ್ನೊಂದು, `mode()` ಬದಲು ಸರಾಸರಿ ತೆಗೆಯಿರಿ. ಆಗ ಎಲ್ಲರೂ ಒಂದೇ ಗಂಟೆಗೆ ಬಂದು ಗುಂಪಾಗುವುದಿಲ್ಲ.

ಕಥೆಪೆಟ್ಟಿಗೆ:

ಥ್ಯಾಂಕ್ಸ್ ಸರ್. ಹಾಕಿ ನೋಡಿದೆ. ಈಗ ಎಲ್ಲರಿಗೂ 21 ಬರುತ್ತಿದೆ! ರಾತ್ರಿ 9ಕ್ಕೆ ನಾನು ಏನನ್ನೂ ಕಳಿಸಿಲ್ಲವಲ್ಲ?

ಹಳೇಸರ್ವರ್:

ಇಲ್ಲಿ ಎರಡು ತೊಂದರೆಗಳಿವೆ. ಮೊದಲು ಗಡಿಯಾರದ್ದು ಮುಗಿಸೋಣ.

ನಮ್ಮ 8 ಗಂಟೆ ಅಂದರೆ ಯುಟಿಸಿಯಲ್ಲಿ 2:30. ಯುಟಿಸಿಯ 2ನೇ ಗಂಟೆ ನಮ್ಮಲ್ಲಿ 7:30ರಿಂದ 8:30ರವರೆಗೆ ಇರುತ್ತದೆ. ಯಾರಾದರೂ 8:10ಕ್ಕೆ ತೆರೆದರೆ ನಿಮ್ಮ ಲೆಕ್ಕದಲ್ಲಿ ಅದು ಬರೀ 2 ಆಗುತ್ತದೆ. ನಿಮಿಷಗಳು ಅಲ್ಲೇ ಉದುರಿಹೋದವು. ಅದಕ್ಕೆ ಐದೂವರೆ ಕೂಡಿಸಿದರೆ 7:30 ಬಂತು. 3 ಬಂದವರು 8:30 ಆದಮೇಲೆ ತೆರೆದವರು.

21 ಬಂದದ್ದು ಯಾಕೆಂದರೆ ನಿಮ್ಮ `opened_at` ಕಾಲಂ ಬಹುಶಃ `timestamptz` ಅಲ್ಲ, ಬರೀ `timestamp`. ಅಂಥ ಕಾಲಂಗೆ ಒಂದೇ ಸಲ `AT TIME ZONE` ಹಾಕಿದರೆ ಪೋಸ್ಟ್‌ಗ್ರೆಸ್ ಅದನ್ನು ಉಲ್ಟಾ ಅರ್ಥ ಮಾಡಿಕೊಳ್ಳುತ್ತದೆ. 2:30 ಅನ್ನುವುದೇ ಕೋಲ್ಕತ್ತಾದ ಸಮಯ ಅಂದುಕೊಂಡು ಐದೂವರೆ ಗಂಟೆ ಹಿಂದಕ್ಕೆ, ಹಿಂದಿನ ರಾತ್ರಿ 9ಕ್ಕೆ ಹೋಗುತ್ತದೆ. ಮೊದಲು ಇದು ಯುಟಿಸಿ ಅಂತ ಹೇಳಿ, ಆಮೇಲೆ ತಿರುಗಿಸಬೇಕು:

```sql
extract(hour FROM opened_at
        AT TIME ZONE 'UTC'
        AT TIME ZONE 'Asia/Kolkata')
```

ಸರಾಸರಿಯ ಸಲಹೆ ಮಾತ್ರ ಬೇಡ. ಬೆಳಿಗ್ಗೆ 7ಕ್ಕೂ ರಾತ್ರಿ 9ಕ್ಕೂ ಓದುವವರ ಸರಾಸರಿ ಮಧ್ಯಾಹ್ನ 2 ಆಗುತ್ತದೆ. ಅವರು ಫೋನನ್ನೇ ಮುಟ್ಟದ ಹೊತ್ತು ಅದು. ರಾತ್ರಿ 11:30ಕ್ಕೂ 12:30ಕ್ಕೂ ತೆರೆಯುವವರಿಗಂತೂ ಮಟಮಟ ಮಧ್ಯಾಹ್ನ ಬರುತ್ತದೆ. `mode()` ಇರಲಿ.

ಇಷ್ಟು ಸರಿಮಾಡಿದರೂ ಎಲ್ಲರಿಗೂ 8 ಬರುತ್ತದೆ ನೋಡಿ. ಅದು ಎರಡನೆಯ ತೊಂದರೆ, ದೊಡ್ಡದು ಅದೇ. ನೀವು ಇಷ್ಟು ದಿನ 8ಕ್ಕೆ ಮಾತ್ರ ಕಳಿಸಿದ್ದೀರಿ. ನೋಟಿಫಿಕೇಶನ್ ಬಂದ ಸ್ವಲ್ಪ ಹೊತ್ತಿನಲ್ಲೇ ಬಹಳಷ್ಟು ಜನ ಒತ್ತುತ್ತಾರೆ. ಹಾಗಾಗಿ ನಿಮ್ಮ ಟೇಬಲ್ಲಿನಲ್ಲಿ ಓದುಗರ ಅಭ್ಯಾಸಕ್ಕಿಂತ ಜಾಸ್ತಿ ಇರುವುದು ನಿಮ್ಮದೇ 8 ಗಂಟೆಯ ಮಾರ್ದನಿ. ಈಗ ಎಲ್ಲರಿಗೂ 7:30ಕ್ಕೆ ಕಳಿಸುತ್ತಾ ಹೋದರೆ ಮುಂದಿನ ತಿಂಗಳು 7:30 ಇನ್ನೂ ಗಟ್ಟಿಯಾಗುತ್ತದೆ.

ನ್ಯೂಜೆರ್ಸಿ_ಕನ್ನಡತಿ:

ನನಗೂ ಇದೇ ತೊಂದರೆ. ನಮ್ಮ ಕನ್ನಡ ಕೂಟದ ಇಮೇಲ್ ಸುದ್ದಿಪತ್ರವನ್ನು ನಾನೇ ಕಳಿಸುತ್ತೇನೆ. ಕೆಲವು ಸದಸ್ಯರು ಬೆಳಗಿನ ಜಾವ 3ಕ್ಕೆ ತೆರೆದಿದ್ದಾರೆ ಅಂತ ತೋರಿಸುತ್ತೆ. ಇಷ್ಟು ಜನಕ್ಕೆ ನಿದ್ದೆ ಬರುವುದಿಲ್ಲವಾ ಅಂತ ನಿಜವಾಗಿ ಚಿಂತೆಯಾಯಿತು. ಅವರಿಗೆ 3 ಗಂಟೆಗೇ ಕಳಿಸಬೇಕಾ?

ಹಳೇಸರ್ವರ್:

ಖಂಡಿತ ಬೇಡ ಮೇಡಂ. ನಿಮ್ಮದು ಬೇರೆ ಕಥೆ. ಇಮೇಲ್ ತೆರೆದದ್ದು ಗೊತ್ತಾಗುವುದು ಅದರೊಳಗಿನ ಒಂದು ಸಣ್ಣ ಚಿತ್ರ ಡೌನ್‌ಲೋಡ್ ಆದಾಗ. 2021ರಲ್ಲಿ ಐಒಎಸ್ 15 ಬಂದಾಗ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಒಂದು ಖಾಸಗಿತನದ ಸೌಲಭ್ಯ ಕೊಟ್ಟಿತು. ಅದು ಆನ್ ಇದ್ದರೆ ಓದುಗರು ಮೇಲ್ ತೆರೆಯದಿದ್ದರೂ ಚಿತ್ರಗಳು ಹಿನ್ನೆಲೆಯಲ್ಲೇ ಡೌನ್‌ಲೋಡ್ ಆಗುತ್ತವೆ, ಅದೂ ಆ್ಯಪಲ್ಲಿನ ಸರ್ವರ್‌ಗಳ ಮೂಲಕ. ಆ 3 ಗಂಟೆ ಬಹುಶಃ ಹಾಗೆ ಬಂದದ್ದು. ನೀವು ಓಪನ್‌ಗಳನ್ನು ಬಿಟ್ಟು, ಲಿಂಕ್ ಒತ್ತಿದ ಸಮಯವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅದರಲ್ಲೂ ಮೇಲ್ ತಲುಪಿದ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಲಿಂಕ್‌ಗಳೂ ಒತ್ತಿದಂತೆ ಕಂಡರೆ, ಅದು ಆಫೀಸಿನ ವೈರಸ್ ಸ್ಕ್ಯಾನರ್ ಇರಬೇಕು.

ಅಲ್ಲಿ ಮಾರ್ಚ್‌ನಲ್ಲೂ ನವೆಂಬರ್‌ನಲ್ಲೂ ಗಡಿಯಾರ ಒಂದು ಗಂಟೆ ಬದಲಾಗುತ್ತದಲ್ಲ, ಅದಕ್ಕಾಗಿ ಸದಸ್ಯರ ಸಮಯವನ್ನು `-05:00` ಅಂತ ಇಡದೆ `America/New_York` ಅಂತ ಹೆಸರಿನಲ್ಲೇ ಇಡಿ. ಆ್ಯಪ್‌ಗಳಲ್ಲಿ ಈ ಚಿತ್ರದ ಗೋಜಿಲ್ಲ. ಕಥೆಪೆಟ್ಟಿಗೆಯವರ ಒತ್ತುಗಳು ನಿಜವಾದ ಬೆರಳುಗಳದ್ದೇ.

ಕಥೆಪೆಟ್ಟಿಗೆ:

ಕಾಲಂ `timestamp` ಅನ್ನುವುದು ನಿಜ ಸರ್. ಎರಡು ಸಲ ಹಾಕಿದ ಮೇಲೆ ನೀವು ಹೇಳಿದ ಹಾಗೆಯೇ 8 ಬಂತು. ಹಾಗಾದರೆ ಇಷ್ಟು ದಿನ ಕೂಡಿಟ್ಟ ಡೇಟಾ ಎಲ್ಲ ದಂಡವಾ?

ಹಳೇಸರ್ವರ್:

ದಂಡ ಅಲ್ಲ. ಅದರಲ್ಲಿ ಕಾಳು ಬೇರೆ ಮಾಡಬೇಕು ಅಷ್ಟೆ. ಪ್ರತಿ ಓಪನ್‌ಗೂ ಕಳಿಸಿದ ಸಮಯಕ್ಕೂ ಎಷ್ಟು ಅಂತರ ಅಂತ ನೋಡಿ. ಒಂದು ಗಂಟೆಯ ಒಳಗೆ ಒತ್ತಿದ್ದನ್ನು ಸಮಯದ ಲೆಕ್ಕದಿಂದ ಬಿಡಿ. 8ಕ್ಕೆ ಬಂದದ್ದನ್ನು ಇಡೀ ದಿನ ಹಾಗೇ ಇಟ್ಟುಕೊಂಡು ರಾತ್ರಿ 9:20ಕ್ಕೆ ಒತ್ತಿದವರು ಇರುತ್ತಾರೆ. ಅವರು ತಮ್ಮ ಬಿಡುವು ಯಾವಾಗ ಅಂತ ತಾವೇ ಹೇಳಿದ ಹಾಗಾಯಿತು. ನೋಟಿಫಿಕೇಶನ್ ಇಲ್ಲದೆ ತಾವಾಗಿಯೇ ಆ್ಯಪ್ ತೆರೆದ ದಾಖಲೆ ಇದ್ದರೆ ಅದು ಇನ್ನೂ ಒಳ್ಳೆಯದು.

ಆದರೆ 8ಕ್ಕೆ ಒತ್ತದೆ ಸರಿಸಿಬಿಟ್ಟವರು ರಾತ್ರಿ ಬಂದಿದ್ದರೆ ಓದುತ್ತಿದ್ದರಾ ಅನ್ನುವುದು ಈ ಡೇಟಾದಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಬೇರೆ ಹೊತ್ತಿನಲ್ಲಿ ಕಳಿಸಿಯೇ ನೋಡಬೇಕು. 24 ಗಂಟೆಗಳನ್ನೂ ಪರೀಕ್ಷೆ ಮಾಡಲು ಹೋಗಬೇಡಿ, ಒಬ್ಬ ಓದುಗರಿಗೆ ಗಂಟೆಗೆ ಒಂದು ಸಲವೂ ಸಿಗುವುದಿಲ್ಲ. ಬೆಳಿಗ್ಗೆ 8, ಮಧ್ಯಾಹ್ನ 1, ಸಂಜೆ 6, ರಾತ್ರಿ 9, ಈ ನಾಲ್ಕು ಹೊತ್ತು ಸಾಕು. ವಾರದಲ್ಲಿ ಯಾವುದಾದರೂ ಎರಡು ದಿನ ಇವುಗಳಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕಳಿಸಿ. ಉಳಿದ ದಿನ 8ಕ್ಕೇ ಹೋಗಲಿ. ಎಂಟು ವಾರದಲ್ಲಿ ಒಬ್ಬೊಬ್ಬರಿಗೆ ಹೊತ್ತಿಗೆ ಸುಮಾರು ನಾಲ್ಕು ಸಲ ಆಗುತ್ತದೆ.

ಆಮೇಲೆ ಎಷ್ಟು ಸಲ ತೆರೆದರು ಅಂತ ಎಣಿಸಬೇಡಿ. ಕಳಿಸಿದ್ದರಲ್ಲಿ ಎಷ್ಟು ಪಾಲು ತೆರೆದರು ಅಂತ ನೋಡಿ. ಒಬ್ಬ ಓದುಗರಿಗೆ ಬೆಳಿಗ್ಗೆ 44 ಸಲ ಕಳಿಸಿ 11 ಸಲ ತೆರೆದಿದ್ದಾರೆ, ರಾತ್ರಿ 4 ಸಲ ಕಳಿಸಿ 2 ಸಲ ತೆರೆದಿದ್ದಾರೆ ಅಂದುಕೊಳ್ಳಿ. ಎಣಿಕೆಯಲ್ಲಿ ಬೆಳಿಗ್ಗೆಯೇ ಗೆಲ್ಲುತ್ತದೆ. ಪಾಲಿನಲ್ಲಿ ಬೆಳಿಗ್ಗೆ 25%, ರಾತ್ರಿ 50%. ಆದರೆ ನಾಲ್ಕೇ ಸಲದ 50% ನಂಬುವುದು ಹೇಗೆ? ಅದಕ್ಕೆ ಎಲ್ಲ ಓದುಗರ ಸರಾಸರಿಯನ್ನು ಹತ್ತು ಸಲ ಕಳಿಸಿದಷ್ಟು ತೂಕ ಕೊಟ್ಟು ಸೇರಿಸಿ:

```
score = (opened + 10 * avg_rate) / (sent + 10)
```

ಎಲ್ಲರ ಸರಾಸರಿ ಬೆಳಿಗ್ಗೆ 20%, ರಾತ್ರಿ 18% ಇದ್ದರೆ, ಈ ಓದುಗರಿಗೆ ಬೆಳಿಗ್ಗೆ 13/54, ಸುಮಾರು 24%. ರಾತ್ರಿ 3.8/14, ಸುಮಾರು 27%. ರಾತ್ರಿಗೆ ಬದಲಾಯಿಸಬಹುದು. ಅವರು ರಾತ್ರಿ ಒಂದೇ ಸಲ ತೆರೆದಿದ್ದರೆ 2.8/14, ಅಂದರೆ 20%. ಆಗ ಬೆಳಿಗ್ಗೆಯೇ ಇರಲಿ. ನಿನ್ನೆ ಸೇರಿದವರಿಗೆ ಎರಡೂ ಕಡೆ ಸೊನ್ನೆ, ಹಾಗಾಗಿ ಎಲ್ಲರ ಸರಾಸರಿಯೇ ಅವರದೂ ಆಗುತ್ತದೆ.

ರಾತ್ರಿಪಾಳಿ:

ನಾನು ನೈಟ್ ಶಿಫ್ಟ್ ಮಾಡುವವನು. ನಿಮ್ಮ ನಾಲ್ಕು ಹೊತ್ತಿನಲ್ಲಿ ನನ್ನದು ಯಾವುದೂ ಇಲ್ಲ. ಬೆಳಿಗ್ಗೆ 5ಕ್ಕೆ ಕ್ಯಾಬ್‌ನಲ್ಲಿ ಮನೆಗೆ ಬರುವಾಗ ಓದುತ್ತೇನೆ. ಮಧ್ಯಾಹ್ನ 1ಕ್ಕೆ ಫೋನ್ ಸದ್ದು ಮಾಡಿದರೆ ಆ್ಯಪ್ ತೆಗೆದೇ ಹಾಕುತ್ತೇನೆ. ಇಷ್ಟೆಲ್ಲ ಲೆಕ್ಕ ಯಾಕೆ? ಸೆಟ್ಟಿಂಗ್ಸ್‌ನಲ್ಲಿ ಯಾವಾಗ ಕಳಿಸಲಿ ಅಂತ ಕೇಳಿಬಿಡಿ.

ಹಳೇಸರ್ವರ್:

ಕೇಳಬೇಕು, ಹೇಳಿದವರ ಮಾತೇ ಲೆಕ್ಕಕ್ಕಿಂತ ಮೇಲು. ಆದರೆ ಸೆಟ್ಟಿಂಗ್ಸ್ ತೆರೆದು ಸಮಯ ಆರಿಸುವವರು ಕಡಿಮೆ, ಉಳಿದವರಿಗೆ ಲೆಕ್ಕ ಬೇಕೇ ಬೇಕು. ನೀವು ಹೇಳಿದ ಮಧ್ಯಾಹ್ನದ ವಿಷಯ ಮುಖ್ಯ. ನೋಟಿಫಿಕೇಶನ್ ಆಫ್ ಮಾಡಿದವರು, ಆ್ಯಪ್ ತೆಗೆದವರು ಯಾವ ಹೊತ್ತಿನಲ್ಲಿ ಜಾಸ್ತಿ ಅಂತಲೂ ಬರೆದಿಡಬೇಕು. ತೆರೆದ ಪಾಲು ಏರಿ, ಬಿಟ್ಟುಹೋದವರೂ ಏರಿದರೆ ಲಾಭವಿಲ್ಲ.

ಬೆಣ್ಣೆದೋಸೆ_ದಾವಣಗೆರೆ:

ಸರಾಸರಿ ಬೇಡ ಅನ್ನುವುದನ್ನು ಒಪ್ಪಿದೆ. ಫಲಿತಾಂಶ ನೋಡುವುದು ಸುಲಭ ಅಲ್ವಾ? ಹೊಸ ವಿಧಾನದ ಮೊದಲಿನ ತಿಂಗಳು, ಆಮೇಲಿನ ತಿಂಗಳು ಹೋಲಿಸಿದರೆ ಆಯಿತು.

ಹಳೇಸರ್ವರ್:

ಆ ಎರಡು ತಿಂಗಳಲ್ಲಿ ಒಂದರಲ್ಲಿ ದಸರಾ ರಜೆ, ಇನ್ನೊಂದರಲ್ಲಿ ಪರೀಕ್ಷೆ ಇದ್ದರೆ ಹೋಲಿಕೆ ಕೆಟ್ಟಿತು. ಒಂದಷ್ಟು ಓದುಗರನ್ನು ಹಳೆಯ 8 ಗಂಟೆಯಲ್ಲೇ ಬಿಡಿ. ಬಳಕೆದಾರರ ಐಡಿಯ ಹ್ಯಾಷ್ ನೋಡಿ ಹತ್ತರಲ್ಲಿ ಒಬ್ಬರನ್ನು ಆರಿಸಿದರೆ ಸಾಕು, ಅವರು ದಿನಾ ಅದೇ ಗುಂಪಿನಲ್ಲಿ ಉಳಿಯುತ್ತಾರೆ. ಎರಡೂ ಗುಂಪಿನಲ್ಲಿ ಕಳಿಸಿದ ಕ್ಷಣದಿಂದ 24 ಗಂಟೆಯೊಳಗೆ ತೆರೆದದ್ದನ್ನು ಎಣಿಸಿ. ಮಧ್ಯರಾತ್ರಿಗೆ ಲೆಕ್ಕ ಮುಚ್ಚಿದರೆ ರಾತ್ರಿ 9ರವರಿಗೆ ಬರೀ ಮೂರು ಗಂಟೆ ಸಿಕ್ಕಿದ ಹಾಗಾಗಿ ಅವರು ಸುಳ್ಳೇ ಸೋಲುತ್ತಾರೆ.

ಕಥೆಪೆಟ್ಟಿಗೆ:

ಒಂದು ಗಂಟೆಯೊಳಗಿನದನ್ನು ತೆಗೆದುಹಾಕಿ ಓಡಿಸಿದೆ. ಚಿತ್ರವೇ ಬದಲಾಯಿತು. ರಾತ್ರಿ 9ರಿಂದ 10:30ರ ನಡುವೆ ಒಂದು ದೊಡ್ಡ ಗುಂಪು ಕಾಣುತ್ತಿದೆ, ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಸಣ್ಣದು. ಚೀಟಿ ಎತ್ತುವ ಪ್ರಯೋಗವನ್ನು ಸೋಮವಾರದಿಂದ ಶುರು ಮಾಡುತ್ತೇನೆ. ಸಮಯ ಕೇಳುವ ಆಯ್ಕೆಯನ್ನೂ ಸೇರಿಸುತ್ತೇನೆ, ಅದರಲ್ಲಿ ಬೆಳಿಗ್ಗೆ 5 ಕೂಡ ಇರುತ್ತದೆ.

ಒಂದು ಉಳಿಯಿತು. ಭಾನುವಾರ ಎಲ್ಲರ ಸಮಯವೂ ಎರಡು ಮೂರು ಗಂಟೆ ಮುಂದಕ್ಕೆ ಜಾರಿದಂತೆ ಕಾಣುತ್ತದೆ. ಭಾನುವಾರಕ್ಕೆ ಬೇರೆ ಲೆಕ್ಕ ಇಡಬೇಕಾ?

ಹಳೇಸರ್ವರ್:

ಒಬ್ಬೊಬ್ಬರಿಗೂ ಬೇರೆ ಇಟ್ಟರೆ ಡೇಟಾ ತೀರಾ ತೆಳುವಾಗುತ್ತದೆ. ನಾನಾಗಿದ್ದರೆ ಸರಾಸರಿಯನ್ನು ಮಾತ್ರ ಭಾನುವಾರಕ್ಕೆ ಬೇರೆ ತೆಗೆಯುತ್ತಿದ್ದೆ. ಅದು ಸಾಕಾಗುತ್ತದಾ ಅನ್ನುವುದು ನಿಮ್ಮ ಎಂಟು ವಾರದ ಡೇಟಾ ಬಂದಮೇಲೆ ಗೊತ್ತಾಗುತ್ತದೆ.

ನ್ಯೂಜೆರ್ಸಿ_ಕನ್ನಡತಿ:

ಲಿಂಕ್ ಒತ್ತಿದವರನ್ನು ಮಾತ್ರ ಇಟ್ಟು ನೋಡಿದೆ. 3 ಗಂಟೆಯ ಗುಂಪು ಮಾಯವಾಯಿತು. ಆದರೆ ಈಗ ಉಳಿದವರು ತುಂಬಾ ಕಡಿಮೆ, ಹೊತ್ತಿಗೆ ಒಬ್ಬಿಬ್ಬರು. ತಿಂಗಳಿಗೊಂದೇ ಪತ್ರ ಕಳಿಸುವ ನಮಗೆ ಆ ಸೂತ್ರದಲ್ಲಿ 10ರ ಬದಲು ಎಷ್ಟು ಹಾಕಬೇಕು, ಯಾರಾದರೂ ಹೇಳುತ್ತೀರಾ?