ಅಪ್‌ಡೇಟ್: ಬ್ಯಾಡಗಿ ಮೆಣಸಿನಕಾಯಿ ಕಣದ ಮಟಮಟ ಮಧ್ಯಾಹ್ನದ ಶೂಟ್

ನಾನು ಕೇಳಿದ್ದು: "ಕಣದಾಗ ರೈತರ ಸಂದರ್ಶನ, ಮಧ್ಯಾಹ್ನ 12ಕ್ಕೆ. ಕಣ್ಣ ಕೆಳಗೆ ಕಪ್ಪು ಗುಳಿ, ಹಣೆ ಬೆಳ್ಳಗೆ. ಏನ್ ಮಾಡ್ಲಿ?"

ಶೂಟ್ ಮುಗೀತು. ನೀವು ಕೊಟ್ಟ ಸಲಹೆಗಳಲ್ಲಿ ಕೆಲಸ ಮಾಡಿದ್ದು ಡಿಫ್ಯೂಸರ್. ಎನ್‌ಡಿ ಫಿಲ್ಟರ್ ಒಂದೇ ಸಾಕು ಅಂದಿದ್ರಲ್ಲ, ಅದು ಆಗಲಿಲ್ಲ. ಎನ್‌ಡಿ ಇಡೀ ಚಿತ್ರವನ್ನ ಒಂದೇ ಸಮ ಕತ್ತಲು ಮಾಡುತ್ತೆ. ಹಣೆಗೂ ಗುಳಿಗೂ ಇರೋ ಅಂತರ ಹಾಗೇ ಉಳಿಯುತ್ತೆ.

ತಗಡಿನ ಶೆಡ್ಡಿನ ನೆರಳಲ್ಲಿ ಮುಖ ಮೆತ್ತಗೆ ಬಂತು, ಆದ್ರೆ ಹಿಂದಿನ ಬಿಸಿಲು ಮುಖಕ್ಕಿಂತ ಸುಮಾರು ಮೂರು ಸ್ಟಾಪ್, ಅಂದ್ರೆ ಎಂಟು ಪಟ್ಟು ಜಾಸ್ತಿ. ಕಣವೆಲ್ಲ ಬಿಳಿಚಿ ಹೋಯ್ತು. ಹಿಂದೆ ಶೆಡ್ಡಿನ ಗೋಡೆಯೇ ಇದ್ರೆ ನೆರಳು ಸಾಕು, ನಮಗೆ ಕಣ ಕಾಣಬೇಕಿತ್ತು.

ಅದಕ್ಕೇ ಬಿಸಿಲಲ್ಲೇ ಕೂರಿಸಿ, ರಿಫ್ಲೆಕ್ಟರ್ ಒಳಗಿನ ಬಿಳಿ ಬಟ್ಟೆಯ ಡಿಫ್ಯೂಸರನ್ನ ತಲೆ ಮೇಲೆ ಎರಡಡಿ ಎತ್ತರದಲ್ಲಿ, ಸ್ವಲ್ಪ ಮುಂದಕ್ಕೆ ವಾಲಿಸಿ ಹಿಡಿದ್ವಿ. ದೂರ ಸರಿಸಿದಷ್ಟೂ ನೆರಳಿನ ಅಂಚು ಮತ್ತೆ ಗಡುಸಾಗುತ್ತೆ. ಸ್ಟ್ಯಾಂಡ್ ಬೇಡ, ಗಾಳಿಗೆ ಉರುಳುತ್ತೆ, ಒಬ್ಬರು ಹಿಡಿಯಲೇಬೇಕು. ಬಟ್ಟೆ ತಿಂದದ್ದು ಸುಮಾರು ಒಂದೇ ಸ್ಟಾಪ್, ಹಾಗಾಗಿ ಹಿನ್ನೆಲೆಯೂ ಉಳೀತು.

ಎನ್‌ಡಿ ಬೇಕಾಗಿದ್ದು ಇಲ್ಲಿ: 25 ಫ್ರೇಮ್, ಶಟರ್ 1/50, ಐಎಸ್ಒ 100. ಫಿಲ್ಟರ್ ಇಲ್ಲದೆ f/16 ಕೇಳ್ತಿತ್ತು. ಐದು ಸ್ಟಾಪಿನ ಎನ್‌ಡಿ32 ಹಾಕಿದ ಮೇಲೆ f/2.8ಕ್ಕೆ ಬಂದು ಹಿನ್ನೆಲೆ ಮಸುಕಾಯ್ತು.

ನಾವು ಎಣಿಸದೇ ಇದ್ದದ್ದು ಒಂದು: ಗದ್ದದ ಕೆಳಗೆ ಕೆಂಪು! ಒಣಹಾಕಿದ ಕಾಯಿಯಿಂದ ಪುಟಿದ ಬೆಳಕು. ವೈಟ್ ಬ್ಯಾಲೆನ್ಸ್ ತಿದ್ದಿದ್ರೆ ಹಣೆ ಹಸಿರು-ನೀಲಿ ಆಗ್ತಿತ್ತು. ಫ್ರೇಮಿನ ಹೊರಗೆ, ಕಾಲ ಬಳಿ ಬಿಳಿ ಪಂಜಿ ಹಾಸಿದ್ವಿ. ಕೆಂಪೂ ಹೋಯ್ತು, ಕಣ್ಣ ಗುಳಿಗೂ ಬೆಳಕು ಸಿಕ್ತು.