ಪದ ಬೇಕು: ‘ಕಟಿಂಗ್ ಲೆಂತ್’, ‘ಡ್ರೈ ವಾಲ್ಯೂಮ್’ (ಇವತ್ತು ಸಂಜೆಯೊಳಗೆ)

ಸುಮಾ, ತೀರ್ಥಹಳ್ಳಿ

ನಮಸ್ಕಾರ. ಆಗುಂಬೆ ರಸ್ತೆಯಲ್ಲಿ ಕಟ್ಟುತ್ತಿರುವ ಒಂದು ಸಣ್ಣ ಮನೆಯ ಎಸ್ಟಿಮೇಟನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಓದದೆ ಸಹಿ ಹಾಕುವುದಿಲ್ಲ ಎಂದು ಮನೆ ಯಜಮಾನರು ಕೂತಿದ್ದಾರೆ. ನಾಳೆ ಬೆಳಿಗ್ಗೆ ಕಂಬಿ ಕಟ್ಟುವವರು ಬರುತ್ತಾರೆ, ಅವರ ಕೈಗೂ ಇದೇ ಹಾಳೆ ಹೋಗುತ್ತದೆ.

ಸಿಕ್ಕಿಹಾಕಿಕೊಂಡಿರುವುದು ಪ್ಲಿಂತ್ ಬೀಮಿನ ಪುಟದಲ್ಲಿ. ಬೀಮ್ ಒಟ್ಟು 36 ಮೀಟರ್, ಅಗಲ 230, ಎತ್ತರ 300 ಎಂಎಂ. ಉದ್ದಕ್ಕೆ 12 ಎಂಎಂ ಕಂಬಿ ನಾಲ್ಕು. 8 ಎಂಎಂ ರಿಂಗ್ 150ಕ್ಕೊಂದರಂತೆ 241. ರಿಂಗಿನ ಮುಂದೆ ‘ಕಟಿಂಗ್ ಲೆಂತ್ 1020, ತೂಕ 97 ಕೆಜಿ’ ಎಂದಿದೆ. ಕಾಂಕ್ರೀಟಿಗೆ ‘ವೆಟ್ ವಾಲ್ಯೂಮ್’, ‘ಡ್ರೈ ವಾಲ್ಯೂಮ್’ ಎಂದು ಎರಡು ಕಾಲಂ, ಎರಡರಲ್ಲೂ 2.48 ಘನ ಮೀಟರ್. ಎಂ20, ಸಿಮೆಂಟ್ 13 ಚೀಲ.

ಸದ್ಯಕ್ಕೆ ‘ಕಡಿತದ ಉದ್ದ’, ‘ಒಣ ಗಾತ್ರ’ ಎಂದು ಬರೆದಿದ್ದೇನೆ. ಎರಡೂ ಒಗ್ಗುತ್ತಿಲ್ಲ. ಬಾರ್ ಬೆಂಡಿಂಗ್ ಶೆಡ್ಯೂಲಿಗೂ ಒಂದು ಹೆಸರು ಬೇಕು.

ಶ್ರೀಧರ, ಶಿವಮೊಗ್ಗ

ಕಡಿತ ಅಂದರೆ ನಾಯಿ ಕಡಿತ, ಸಂಬಳ ಕಡಿತ. ಬೇಡ. ‘ಕಡಿಯುದ್ದ’ ಎನ್ನಿ, ಮುಗಿಯಿತು. ಇನ್ನು ‘ರಿಂಗ್’ ಯಾಕೆ? ‘ಉಕ್ಕುಬಳೆ’ ಎಂದರೆ ಏನು ಕಷ್ಟ? ಕಂಬಿ ಅನ್ನುವುದೂ ಸರಿಯಲ್ಲ, ಅದು ಸರಳು. ಶೆಡ್ಯೂಲಿಗೆ ‘ಸರಳುಬಾಗು ಪಟ್ಟಿ’. ಯುರೋಪಿನವರು ವೂಟ್ಜ್ ವೂಟ್ಜ್ ಎಂದು ಕುಣಿದದ್ದು ನಮ್ಮ ‘ಉಕ್ಕು’ ಪದವನ್ನೇ ಹಿಡಿದುಕೊಂಡು. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಜಿಲ್ಲೆಯವರು ಈಗ ಪದಕ್ಕೆ ಪರದಾಡುವುದು ನೋಡಿ.

ಮಂಜುನಾಥ, ಹೊಸನಗರ

ಸಾರ್, ಉಕ್ಕುಬಳೆ 241 ಕಟ್ಟಿ ಎಂದರೆ ನಮ್ಮ ಹುಡುಗರು ಬಳೆ ಅಂಗಡಿ ದಾರಿ ತೋರಿಸುತ್ತಾರೆ. ಅದು ಚೌಕ ಇರುತ್ತದೆ, ಎಲ್ಲಿಯ ಬಳೆ?

ಮೇಡಂ, ನಾನು ಕಂಟ್ರಾಕ್ಟ್ ಕೆಲಸ ಮಾಡುವವನು. ರಿಂಗಿನ ಲೆಕ್ಕ ಸರಿ ಇದೆ. 25 ಎಂಎಂ ಕವರ್ ಬಿಟ್ಟರೆ ರಿಂಗ್ 180 ಬೈ 250, ಸುತ್ತಳತೆ 860. ಎರಡು ಕೊಕ್ಕೆಗೆ 80, 80. ಸೇರಿಸಿದರೆ 1020 ಬಂತಲ್ವಾ. ಕಟಿಂಗ್ ಎಂದೇ ಬರೆಯಿರಿ, ಎಲ್ಲರಿಗೂ ಗೊತ್ತು. ಡ್ರೈ ವಾಲ್ಯೂಮ್ ಅಂದರೆ ವೇಸ್ಟೇಜ್ ಸೇರಿಸಿದ್ದು, 1.54ರಿಂದ ಗುಣಿಸುತ್ತೇವೆ. ನಿಮ್ಮವರು ವೇಸ್ಟೇಜ್ ಹಿಡಿದಿಲ್ಲ ಅಷ್ಟೇ.

ಶ್ರೀಧರ, ಶಿವಮೊಗ್ಗ

ಬೆರಳಿನ ರಿಂಗ್ ಏನು ಚೌಕವಾ? ಇಂಗ್ಲಿಷಿನ ರಿಂಗ್ ಚೌಕ ಆಗಬಹುದು, ಕನ್ನಡದ ಬಳೆ ಆಗಬಾರದು. ಭೇಷ್.

ನಾಗೇಂದ್ರ, ಸಾಗರ

ಬಳೆ ಆಮೇಲೆ. ಸುಮಾ ಅವರೇ, ಈ ಹಾಳೆಯನ್ನು ಅನುವಾದ ಮಾಡಬೇಡಿ, ಮೊದಲು ವಾಪಸ್ ಕಳಿಸಿ. ಎರಡು ಕಡೆ ಲೆಕ್ಕ ತಪ್ಪಿದೆ. ಎರಡೂ ನೀವು ಕೇಳಿದ ಪದಗಳ ಜಾಗದಲ್ಲೇ ಇವೆ.

ರಿಂಗ್ ನೋಡಿ. ಮಂಜುನಾಥ್ ಹೇಳಿದ 860, 160 ಎರಡೂ ಸರಿ. ಆದರೆ ಕಂಬಿ ಮೂಲೆಯಲ್ಲಿ ಮಡಚುವಾಗ ಚೂಪಾಗಿ ತಿರುಗುವುದಿಲ್ಲ, ದುಂಡಗೆ ತಿರುಗುತ್ತದೆ. ಹೊರಗಿನ ಅಳತೆಗಳನ್ನು ಕೂಡಿಸಿದರೆ ಆ ದುಂಡಿನ ಹತ್ತಿರ ಲೆಕ್ಕ ಜಾಸ್ತಿ ಬರುತ್ತದೆ. ಅದಕ್ಕೆ ನೇರ ಮೂಲೆಗೆ ಕಂಬಿ ದಪ್ಪದ ಎರಡರಷ್ಟು, ಕೊಕ್ಕೆಯ 135 ಡಿಗ್ರಿ ಮಡಿಕೆಗೆ ಮೂರರಷ್ಟು ಕಳೆಯುವುದು ರೂಢಿ. ಒಂದು ರಿಂಗಿನಲ್ಲಿ ನೇರ ಮೂಲೆ ಮೂರು, ಕೊಕ್ಕೆ ಮಡಿಕೆ ಎರಡು. 48 ಮತ್ತು 48, ಒಟ್ಟು 96 ಕಳೆಯಬೇಕು. ಉಳಿದದ್ದು 924.

ಇದರ ತೂಕ ನೋಡಿ. ಮೀಟರಿಗೆ ತೂಕ d²/162, ಅಂದರೆ 8 ಎಂಎಂಗೆ 0.395 ಕೆಜಿ. 1020 ಹಿಡಿದರೆ 97 ಕೆಜಿ, 924 ಹಿಡಿದರೆ 88. ಒಂಬತ್ತು ಕೆಜಿ ದೊಡ್ಡದಲ್ಲ ಅನಿಸಬಹುದು, ಆದರೆ ಕತ್ತರಿಸುವಾಗ ಇನ್ನೊಂದು ಗಮ್ಮತ್ತಿದೆ. ಕಂಬಿ ಬರುವುದು 12 ಮೀಟರ್. 1020ರಂತೆ ಕತ್ತರಿಸಿದರೆ ಒಂದು ಕಂಬಿಗೆ 11 ರಿಂಗ್, 241ಕ್ಕೆ 22 ಕಂಬಿ ಬೇಕು. 924ರಂತೆ 12 ರಿಂಗ್ ಬಂದು, ಕೊನೆಗೆ ಇನ್ನೊಂದು ರಿಂಗಿಗೆ ಬರೀ 12 ಎಂಎಂ ಸಾಲದೆ ಹತ್ತಿರ ಹತ್ತಿರ ಒಂದು ಮೀಟರ್ ತುಂಡು ಬಿಸಾಕಬೇಕು. ಅನುಭವ ಇರುವ ಬೆಂಡರ್ 920 ಹಿಡಿಯುತ್ತಾನೆ, 13 ರಿಂಗ್ ತೆಗೆಯುತ್ತಾನೆ, 19 ಕಂಬಿಗೆ ಕೆಲಸ ಮುಗಿಯುತ್ತದೆ. ಕೊಕ್ಕೆ ಎರಡೆರಡು ಎಂಎಂ ಗಿಡ್ಡ ಆಗುತ್ತದೆ, ಏನೂ ಆಗುವುದಿಲ್ಲ.

ಉದ್ದ ಜಾಸ್ತಿ ಆದರೆ ದುಡ್ಡು ಮಾತ್ರ ಹೋಗುತ್ತದೆ, ಕೊಕ್ಕೆಯ ಬಾಲ ಬೀಮಿನೊಳಗೆ ಚಾಚಿಕೊಂಡು ಜಲ್ಲಿಗೆ ಅಡ್ಡ ಬರುತ್ತದೆ. ಕಡಿಮೆ ಆದರೆ ಅಪಾಯ. ಯಾರಾದರೂ ‘ರಿಂಗಿನ ಅಳತೆ’ ಎಂದು ಓದಿ 860ಕ್ಕೇ ಕತ್ತರಿಸಿದರೆ ಕೊಕ್ಕೆಯೇ ಇರುವುದಿಲ್ಲ, ಬಾಯಿ ಬಿಟ್ಟ ರಿಂಗ್. ಅದಕ್ಕೆ ಪದದಲ್ಲಿ ‘ಕತ್ತರಿಸುವ’ ಎನ್ನುವುದು ಇರಲೇಬೇಕು. ‘ಕತ್ತರಿಸುವ ಉದ್ದ’ ಸಾಕು. ಶೆಡ್ಯೂಲಿಗೆ ‘ಕಂಬಿ ಪಟ್ಟಿ’.

ಇನ್ನು ಡ್ರೈ ವಾಲ್ಯೂಮ್. ಎರಡು ಕಾಲಂನಲ್ಲೂ 2.48 ಅಂದರೆ ಗುಣಿಸುವುದನ್ನೇ ಮರೆತಿದ್ದಾರೆ. ಮಂಜುನಾಥ್, 1.54 ವೇಸ್ಟೇಜ್ ಅಲ್ಲ. ಜಲ್ಲಿ ನಡುವಿನ ಸಂದಿಗೆ ಮರಳು ಇಳಿಯುತ್ತದೆ, ಮರಳಿನ ಸಂದಿಗೆ ಸಿಮೆಂಟ್ ಇಳಿಯುತ್ತದೆ. ಒಂದೂವರೆ ಬುಟ್ಟಿ ಸಾಮಾನು ಕಲಸಿದರೆ ಒಂದು ಬುಟ್ಟಿ ಕಾಂಕ್ರೀಟ್. ವೇಸ್ಟೇಜ್ ಬೇಕಾದರೆ ಬೇರೆ ಸಾಲು ಹಾಕಿ. ಕೆಲವರು 1.52 ಹಿಡಿಯುತ್ತಾರೆ, ಕೆಲವರು 1.57, ಆ ಜಗಳ ಬೇಡ.

2.484 ಗುಣಿಸು 1.54 ಅಂದರೆ 3.825. ಎಂ20ಕ್ಕೆ 1:1.5:3, ಒಟ್ಟು ಐದೂವರೆ ಪಾಲು. ಸಿಮೆಂಟ್ ಪಾಲು 0.695 ಘನ ಮೀಟರ್, ಘನ ಮೀಟರಿಗೆ 1440 ಕೆಜಿಯಂತೆ ಸಾವಿರ ಕೆಜಿ, 20 ಚೀಲ. ಹಾಳೆಯಲ್ಲಿ 13. ಇದನ್ನು ನಂಬಿ ಕಾಂಕ್ರೀಟ್ ಹಾಕಲು ಶುರು ಮಾಡಿದರೆ ಮುಕ್ಕಾಲು ಬೀಮಿಗೂ ಮೊದಲೇ ಸಿಮೆಂಟ್ ಮುಗಿಯುತ್ತದೆ. ಇಲ್ಲವಾದರೆ ಇದ್ದ 13 ಚೀಲದಲ್ಲೇ ಪೂರ್ತಿ ಎಳೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ನೆನಪಿಡಲು ಒಂದೇ ಸಂಖ್ಯೆ: ಎಂ20 ಒಂದು ಘನ ಮೀಟರಿಗೆ ಎಂಟು ಚೀಲ. ಐದು ಬಂದಿದ್ದರೆ ಯಾರೋ 1.54 ಮರೆತಿದ್ದಾರೆ.

ಗೀತಾ, ಕೊಪ್ಪ

ತೂಕದ ಮಾತು ಬಂತು ಅಂತ ಕೇಳುತ್ತಿದ್ದೇನೆ. ನಮ್ಮ ಕೊಟ್ಟಿಗೆಗೆ 12 ಎಂಎಂ ಕಂಬಿ ತಂದಿದ್ದೆವು. ಬಿಲ್ ಕಂಬಿ ಲೆಕ್ಕದಲ್ಲಿ ಹಾಕಿದ್ದರು, ಒಂದಕ್ಕೆ 10.66 ಕೆಜಿಯಂತೆ. ನಮ್ಮವರು ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದನ್ನು ಇಟ್ಟು ನೋಡಿದರೆ 9.6. ಅಂಗಡಿಯವರು ‘ಅಷ್ಟು ವ್ಯತ್ಯಾಸ ಇರುತ್ತದೆ’ ಎಂದರು. ಇರುತ್ತದಾ? ಇದಕ್ಕೆ ಕನ್ನಡದಲ್ಲಿ ಏನು ಹೇಳುತ್ತಾರೆ?

ಮಂಜುನಾಥ, ಹೊಸನಗರ

ಮೋಸ ಎನ್ನುತ್ತಾರೆ ಮೇಡಂ.

ನಾಗೇಂದ್ರ ಸಾರ್, 96 ಕಳೆಯುವುದು ಪುಸ್ತಕದ ಲೆಕ್ಕ. ಸೈಟಿನಲ್ಲಿ ಯಾರು ಕಳೆಯುತ್ತಾರೆ? ಒಂದು ರಿಂಗ್ ಮಡಚಿ ನೋಡುತ್ತಾರೆ, ಅದರಂತೆ ಉಳಿದದ್ದು ಕತ್ತರಿಸುತ್ತಾರೆ.

ನಾಗೇಂದ್ರ, ಸಾಗರ

ಅದೇ ಒಳ್ಳೆಯ ಪದ್ಧತಿ, ನಾನೂ ಒಪ್ಪುತ್ತೇನೆ. ಆದರೆ ಅವರು 920ಕ್ಕೆ ಕತ್ತರಿಸಿ, ಬಿಲ್ಲಿನಲ್ಲಿ 1020 ಬರೆದರೆ ಆ ಒಂಬತ್ತು ಕೆಜಿ ಎಲ್ಲಿ ಹೋಯಿತು ಎಂದು ಯಜಮಾನರು ಕೇಳುವುದು ಬೇಡವಾ?

ಗೀತಾ ಅವರೇ, ವ್ಯತ್ಯಾಸಕ್ಕೆ ಮಿತಿ ಇದೆ. ಐಎಸ್ 1786 ಪ್ರಕಾರ 12 ಎಂಎಂಗೆ ಒಟ್ಟು ಮಾಲಿನ ಮೇಲೆ ಶೇ. 5. ಅಂದರೆ 10.1 ಕೆಜಿಯವರೆಗೆ ಬಂದರೆ ಮಾತಾಡುವಂತಿಲ್ಲ. ನಿಮ್ಮದು ಶೇ. 10ರಷ್ಟು ಕಡಿಮೆ. ಒಂದೇ ಕಂಬಿ ತೂಗಿ ಜಗಳ ಆಡಬೇಡಿ, ಉದ್ದ ಪೂರ್ತಿ 12 ಮೀಟರ್ ಇದೆಯಾ ನೋಡಿ, ಇಡೀ ಕಟ್ಟು ತೂಗಿಸಿ. ಮುಂದಿನ ಸಲ ತೂಕದ ಮೇಲೆ ಬಿಲ್ ಹಾಕಿಸಿಕೊಳ್ಳಿ.

ಶ್ರೀಧರ, ಶಿವಮೊಗ್ಗ

ಇದು ಪದಚರ್ಚೆಯ ಪಟ್ಟಿಯೋ ಕಬ್ಬಿಣದ ಅಂಗಡಿಯೋ? ‘ವೇಸ್ಟೇಜ್’, ‘ಸೈಟು’, ‘ಬೆಂಡರ್’, ‘ಬಿಲ್ಲು’. ಬಿಲ್ಲಿಗೆ ಬಾಣ ಎಲ್ಲಿ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಉಳಿಯುವುದೇನು?

ಮಂಜುನಾಥ, ಹೊಸನಗರ

ಮೇಸ್ತ್ರಿ ಉಳಿಯುತ್ತಾನೆ. ಅದೂ ಪೋರ್ಚುಗೀಸರಿಂದ ಬಂದದ್ದಂತೆ. ಅವನನ್ನೂ ಕಳಿಸಿಬಿಡೋಣವಾ? ಉಕ್ಕು ನಮ್ಮದು ಎಂದರೆ ತೆಲುಗರೂ ನಮ್ಮದೇ ಎನ್ನುತ್ತಾರೆ.

ಸುಮಾ, ತೀರ್ಥಹಳ್ಳಿ

ದಯವಿಟ್ಟು. ಎಂಜಿನಿಯರ್ ಆಫೀಸಿಗೆ ಫೋನ್ ಮಾಡಿದೆ, 20 ಚೀಲ ಒಪ್ಪಿಕೊಂಡರು, ರಿಂಗಿನ ಬಗ್ಗೆ ‘ನೋಡುತ್ತೇವೆ’ ಎಂದರು. ಈಗ ಹೊಸ ತಲೆನೋವು. ಯಜಮಾನರು ಕರಡು ಓದಿ, ‘ಒಣ ಗಾತ್ರ’ ಅಂದರೆ ಮರಳು ಒಣಗಿಸಿ ಹಾಕಬೇಕಾ, ಈ ಮಳೆಯಲ್ಲಿ ಎಲ್ಲಿ ಹರಡುವುದು ಎಂದು ಕೇಳುತ್ತಿದ್ದಾರೆ.

ನಾಗೇಂದ್ರ, ಸಾಗರ

ಯಜಮಾನರು ಬುದ್ಧಿವಂತರು. ಪದ ತಪ್ಪು ಹಿಡಿದರೂ ಪ್ರಶ್ನೆ ಸರಿಯಾಗಿದೆ.

ಒಣಗಿಸುವುದು ಬೇಡ. ಆದರೆ ಒದ್ದೆ ಮರಳು ಉಬ್ಬುತ್ತದೆ. ಕಣಗಳ ಸುತ್ತ ನೀರಿನ ಪದರ ಕೂತು ಒಂದನ್ನೊಂದು ದೂರ ಮಾಡುತ್ತದೆ. ಕಾಲು ಪಾಲಿನವರೆಗೂ ಉಬ್ಬಬಹುದು, ನಯವಾದ ಮರಳು ಇನ್ನೂ ಜಾಸ್ತಿ. ನಿಮ್ಮ ಬೀಮಿಗೆ ಲೆಕ್ಕದಲ್ಲಿ ಮರಳು ಸುಮಾರು 37 ಸಿಎಫ್‌ಟಿ. ಕಾಲು ಪಾಲು ಉಬ್ಬಿದ್ದರೆ ಪೆಟ್ಟಿಗೆಯಲ್ಲಿ 46 ಅಳೆದು ಹಾಕಬೇಕು, ಇಲ್ಲದಿದ್ದರೆ ಮರಳು ಕಡಿಮೆ ಬಿದ್ದು ಕಾಂಕ್ರೀಟ್ ಬರೀ ಜಲ್ಲಿ ಜಲ್ಲಿ ಆಗುತ್ತದೆ. ಎಂ ಸ್ಯಾಂಡ್ ಆದರೂ ಉಬ್ಬುತ್ತದೆ, ಪಾಲು ಬೇರೆ ಇರಬಹುದು.

ಎಷ್ಟು ಉಬ್ಬಿದೆ ಎಂದು ತಿಳಿಯಲು ಒಂದು ಡಬ್ಬಿಗೆ ಒದ್ದೆ ಮರಳನ್ನು ಒತ್ತದೆ ತುಂಬಿ. ಅದನ್ನು ಬೇರೆ ಪಾತ್ರೆಗೆ ಸುರಿದಿಟ್ಟು, ಡಬ್ಬಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ನಿಧಾನ ಬಿಡುತ್ತಾ ಕೋಲಿನಿಂದ ಕಲಕಿ. ಪೂರ್ತಿ ಮುಳುಗಿದ ಮರಳು ಉಬ್ಬುವುದಿಲ್ಲ, ಕೆಳಗೆ ಕೂರುತ್ತದೆ. 20 ಸೆಂಟಿಮೀಟರ್ ಇದ್ದದ್ದು 16ಕ್ಕೆ ಇಳಿದರೆ ಉಬ್ಬು ನಾಲ್ಕನೇ ಒಂದು, ಅಂದರೆ ಶೇ. 25.

ಹಾಗಾಗಿ ‘ಒಣ’ ಅನ್ನುವುದನ್ನೇ ತೆಗೆಯಿರಿ. ‘ಬಿಡಿ ಅಳತೆ’ ಎನ್ನಿ, ಕಲಸುವ ಮೊದಲು ಬಿಡಿಯಾಗಿರುವುದು. ಇನ್ನೊಂದಕ್ಕೆ ‘ಬೀಮಿನ ಅಳತೆ’.

ಶ್ರೀಧರ, ಶಿವಮೊಗ್ಗ

‘ಬಿಡಿ ಅಳತೆ’ ಒಪ್ಪಿದೆ. ಪಕ್ಕದಲ್ಲಿ ‘ಬೀಮ್’ ಇಟ್ಟದ್ದು ಒಪ್ಪಲಿಲ್ಲ. ತೊಲೆ.

ಮಂಜುನಾಥ, ಹೊಸನಗರ

ತೊಲೆ ಮರದ್ದು ಸಾರ್. ನಿಮ್ಮ ಮನೆ ಅಟ್ಟದಲ್ಲಿ ಇದ್ದರೆ ತಲೆ ಎತ್ತಿ ನೋಡಿ.

ಸುಮಾ, ತೀರ್ಥಹಳ್ಳಿ

ಹಾಳೆ ಕಳಿಸಿದೆ: ಕಂಬಿ ಪಟ್ಟಿ, ರಿಂಗ್, ಕತ್ತರಿಸುವ ಉದ್ದ, ಬಿಡಿ ಅಳತೆ. ಯಜಮಾನರು ಸಹಿ ಹಾಕಿದರು. ರಿಂಗಿನ ಮುಂದೆ ಸದ್ಯಕ್ಕೆ ಜಾಗ ಖಾಲಿ ಬಿಟ್ಟಿದ್ದೇನೆ, ಬೆಳಿಗ್ಗೆ ಒಂದು ಮಡಚಿ ನೋಡಿ ಬರೆಯುತ್ತಾರಂತೆ. ನಾಗೇಂದ್ರ ಅವರೇ, ಮುಂದಿನ ಪುಟದಲ್ಲಿ ತಾರಸಿಯ ‘ಕ್ರ್ಯಾಂಕ್ ಬಾರ್’ ಇದೆ. ಮಧ್ಯದಲ್ಲಿ ಕೆಳಗಿದ್ದು, ತುದಿಯ ಹತ್ತಿರ ಮೇಲಕ್ಕೆ ಏರಿಸಿದ ಕಂಬಿ. ಅದಕ್ಕೆ ಏನೆನ್ನಲಿ?

ಶ್ರೀಧರ, ಶಿವಮೊಗ್ಗ

ಏರುಸರಳು.